ಕಣ್ಣಿಗೆ ಕಾಣದ ಒಂದು ಖಾಲಿ ಜಾಗ

ಒಂದು ಜಾಲತಾಣಕ್ಕೆ 240 ಉತ್ಪನ್ನಗಳ ಸ್ಪ್ರೆಡ್‌ಶೀಟ್ ಪಟ್ಟಿ ಅಪ್‌ಲೋಡ್ ಮಾಡಿದಾಗ 61 ಸಾಲುಗಳು ತಿರಸ್ಕೃತವಾದವು. ಎಲ್ಲದಕ್ಕೂ ಒಂದೇ ಕಾರಣ: ವರ್ಗದ ಹೆಸರು ಅಮಾನ್ಯ. ತಾಣದವರ ಟೆಂಪ್ಲೇಟಿನಲ್ಲಿದ್ದ ಹೆಸರಿನ ಪಕ್ಕದಲ್ಲಿಟ್ಟು ನೋಡಿದರೆ ಅಕ್ಷರಕ್ಕೆ ಅಕ್ಷರ ಸರಿಯಾಗಿತ್ತು. ಕೊನೆಗೆ `LEN` ಹಾಕಿ ಎಣಿಸಿದೆ. ನಮ್ಮದರಲ್ಲಿ ಒಂದು ಅಕ್ಷರ ಹೆಚ್ಚು!

ಆ ಹೆಸರುಗಳನ್ನು ವೆಬ್ ಪುಟದಿಂದ ನಕಲಿಸಿದ್ದೆ. ಜೊತೆಗೆ ಬಂದಿದ್ದ ವಿಶೇಷ ಖಾಲಿ ಜಾಗವನ್ನು ಬರೀ `TRIM` ತೆಗೆಯುವುದಿಲ್ಲ. ಮೊದಲು ಅದನ್ನು ಸಾಮಾನ್ಯ ಖಾಲಿ ಜಾಗವಾಗಿ ಬದಲಿಸಬೇಕು:

```
=TRIM(SUBSTITUTE(B2,CHAR(160)," "))
```

ಫಲಿತಾಂಶವನ್ನು ಮೌಲ್ಯವಾಗಿ ಮಾತ್ರ ಅಂಟಿಸಿದೆ. ಆಮೇಲೆ ಪ್ರತಿ ಹೆಸರೂ ಟೆಂಪ್ಲೇಟಿನ ವರ್ಗಪಟ್ಟಿಯಲ್ಲಿದೆಯೇ ಎಂದು `COUNTIF`ನಿಂದ ಹುಡುಕಿದೆ. ಸೊನ್ನೆ ಬಂದ ಎರಡನ್ನು ಕೈಯಾರೆ ತಿದ್ದಿದೆ.

ತೂಕದ ಕಾಲಮ್ಮಿನಲ್ಲೂ ಕೆಲಸವಿತ್ತು. ನಮ್ಮಲ್ಲಿ "500 ಗ್ರಾಂ" ಎಂದಿತ್ತು, ತಾಣದವರಿಗೆ ಬೇಕಿದ್ದದ್ದು ಕಿಲೋಗ್ರಾಂನಲ್ಲಿ ಬರೀ ಅಂಕಿ. ಘಟಕದ ಪದ ತೆಗೆದು, 1000ದಿಂದ ಭಾಗಿಸಿ 0.5 ಮಾಡಿದೆ. ಮೊದಲು ಐದೇ ಸಾಲು ಕಳಿಸಿ ನೋಡಿ, ಉಳಿದದ್ದನ್ನು ಆಮೇಲೆ ಏರಿಸಿದೆ.