ಎಂಆರ್‌ಪಿಗಿಂತ ಕಡಿಮೆಗೆ ಮಾರಿದ ಎರಡು ತಿಂಗಳು: ನನ್ನ ಅನುಭವ

ಬೆಂಗಳೂರಿನ ಶ್ರೀನಗರದಲ್ಲಿ ನಮ್ಮದೊಂದು ದಿನಸಿ ಅಂಗಡಿ ಇದೆ. ನಾನು, ನನ್ನ ಹೆಂಡತಿ, ಸಾಮಾನು ಕಟ್ಟಿಕೊಡುವ ಒಬ್ಬ ಹುಡುಗ, ಇಷ್ಟೇ ಜನ. ಮುಖ್ಯ ರಸ್ತೆಯಲ್ಲಿ ಒಂದು ಸೂಪರ್ ಮಾರ್ಕೆಟ್ ಶುರುವಾದ ಮೇಲೆ ಸಂಜೆ ಹೊತ್ತಿನ ಗಿರಾಕಿ ಕಡಿಮೆಯಾದರು. ಅಲ್ಲಿ ಎಲ್ಲದಕ್ಕೂ ಎಂಆರ್‌ಪಿಗಿಂತ ಕಡಿಮೆ ರೇಟು. ನಾನೂ ಒಂದು ಬೋರ್ಡ್ ಬರೆಸಿದೆ: ಎಲ್ಲಾ ಪ್ಯಾಕೆಟ್ ಸಾಮಾನಿಗೆ ಎಂಆರ್‌ಪಿ ಮೇಲೆ ಐದು ಪರ್ಸೆಂಟ್ ಕಡಿಮೆ.

ಇದರಲ್ಲಿ ಕಾನೂನಿನ ತೊಡಕೇನೂ ಇರಲಿಲ್ಲ. ಪ್ಯಾಕೆಟ್ ಮೇಲೆ ಅಚ್ಚಾಗಿರುವುದು ಎಲ್ಲಾ ತೆರಿಗೆ ಸೇರಿದ ಗರಿಷ್ಠ ಬೆಲೆ. ಅದಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ, ಕಡಿಮೆಗೆ ಕೊಡಬಹುದು. ತೊಡಕಿದ್ದದ್ದು ಲೆಕ್ಕದಲ್ಲಿ.

ಮೊದಲ ವಾರದಿಂದಲೇ ಜನ ಬರತೊಡಗಿದರು. ದಿನಕ್ಕೆ ಸುಮಾರು 110 ಬಿಲ್ ಆಗುತ್ತಿದ್ದದ್ದು 135ಕ್ಕೆ ಏರಿತು. ತಿಂಗಳ ವ್ಯಾಪಾರ ಆರು ಲಕ್ಷದಿಂದ ಆರು ಲಕ್ಷ ಎಂಬತ್ತಾರು ಸಾವಿರಕ್ಕೆ ಹೋಯಿತು. ಸಂಜೆ ಇನ್ನೊಬ್ಬ ಹುಡುಗನನ್ನು ಇಟ್ಟುಕೊಳ್ಳಬೇಕಾಯಿತು. ನನಗೆ ತುಂಬಾ ಖುಷಿಯಾಗಿತ್ತು.

ಎರಡನೇ ತಿಂಗಳ ಮಧ್ಯದಲ್ಲಿ ಡಿಸ್ಟ್ರಿಬ್ಯೂಟರ್‌ಗೆ ಕೊಡಬೇಕಾದ ಬಿಲ್ ಮೊತ್ತಕ್ಕೆ ಬ್ಯಾಂಕಿನಲ್ಲಿ ಹಣ ಸಾಲಲಿಲ್ಲ. ಲೆಕ್ಕ ಬರೆಯುವವಳು ನನ್ನ ಹೆಂಡತಿ. ಅವತ್ತು ರಾತ್ರಿ ಕೇಳಿದಳು, "ರೀ, ದಿನಾ ಗಲ್ಲಾ ತುಂಬ್ತಿದೆ. ಕೊಡೋ ಹೊತ್ತಿಗೆ ದುಡ್ಡು ಎಲ್ಲಿ ಹೋಗ್ತಿದೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಖರೀದಿ ಬಿಲ್‌ಗಳನ್ನೆಲ್ಲ ಹರಡಿಕೊಂಡು ಕೂತೆವು.

ನಮ್ಮ ವ್ಯಾಪಾರದಲ್ಲಿ ಮೂರು ಭಾಗ. ಸೋಪು, ಪೇಸ್ಟು, ಬಿಸ್ಕತ್ತು, ಟೀ ಪುಡಿಯಂಥ ಕಂಪನಿ ಪ್ಯಾಕೆಟ್‌ಗಳು ತಿಂಗಳಿಗೆ ಮೂರು ಲಕ್ಷದಷ್ಟು. ಇದರಲ್ಲಿ ಎಂಆರ್‌ಪಿಯ ನೂರು ರೂಪಾಯಿಗೆ ಹತ್ತು ಉಳಿಯುತ್ತದೆ. ಯಶವಂತಪುರ ಯಾರ್ಡ್‌ನಿಂದ ತಂದು ತೂಗಿ ಕೊಡುವ ಬೇಳೆ, ಅಕ್ಕಿ, ಬೆಲ್ಲ ಎರಡು ಲಕ್ಷ. ಇದರಲ್ಲಿ ನೂರಕ್ಕೆ ಹದಿನಾಲ್ಕು. ಎಣ್ಣೆ, ಹಾಲು ಸೇರಿ ಒಂದು ಲಕ್ಷ. ಅದರಲ್ಲಿ ನೂರಕ್ಕೆ ನಾಲ್ಕೇ. ಒಟ್ಟು 62,000 ಬರುತ್ತಿತ್ತು. ಬಾಡಿಗೆ, ಸಂಬಳ, ಕರೆಂಟು ಎಲ್ಲಾ 36,000. ಮನೆಗೆ 26,000 ಉಳಿಯುತ್ತಿತ್ತು.

ಬೋರ್ಡ್ ಹಾಕಿದ ಮೇಲೆ ಪ್ಯಾಕೆಟ್ ಸಾಮಾನು ಎಂಆರ್‌ಪಿ ಲೆಕ್ಕದಲ್ಲಿ ಮೂರು ಲಕ್ಷದಿಂದ ಮೂರೂಮುಕ್ಕಾಲು ಲಕ್ಷಕ್ಕೆ ಏರಿತ್ತು. ನಾಲ್ಕನೇ ಒಂದು ಭಾಗ ಜಾಸ್ತಿ, ಕಡಿಮೆಯೇನಲ್ಲ. ಆದರೆ ನೂರಕ್ಕೆ ಹತ್ತು ಉಳಿಯುತ್ತಿದ್ದ ಜಾಗದಲ್ಲಿ ಐದು ಬಿಟ್ಟುಕೊಟ್ಟಿದ್ದೆ. ಅಂದರೆ ಬೆಲೆಯಲ್ಲಿ ಐದು ಪರ್ಸೆಂಟ್, ನನ್ನ ಲಾಭದಲ್ಲಿ ಅರ್ಧ. ಪ್ಯಾಕೆಟ್‌ನಿಂದ ಮೊದಲಿನಷ್ಟೇ ಲಾಭ ಬರಬೇಕಾದರೆ ಎರಡರಷ್ಟು ಸಾಮಾನು ಹೋಗಬೇಕಿತ್ತು. ಈ ಒಂದು ಗುಣಾಕಾರವನ್ನು ಬೋರ್ಡ್ ಬರೆಸುವ ಮೊದಲೇ ಮಾಡಬಹುದಿತ್ತು.

ಹಣ ಎಲ್ಲಿ ಸೋರಿತು ಅಂತ ಇನ್ನೂ ಸ್ಪಷ್ಟವಾದದ್ದು ಬೇರೆ ರೀತಿಯಲ್ಲಿ. ಒಂದು ವಾರ ಪ್ರತಿ ಬಿಲ್ಲಿಗೂ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿದೆ. ಹಳೇ ಗಿರಾಕಿಗೆ ಒಂದು ಗೆರೆ, ಹೊಸಬರಿಗೆ ಒಂದು ಸೊನ್ನೆ. ಹೊಸಬರು ತೂಕದ ಸಾಮಾನು ತೆಗೆದುಕೊಂಡರೆ ಸೊನ್ನೆಯ ಒಳಗೆ ಚುಕ್ಕಿ. ವಾರದ ಕೊನೆಗೆ ನೋಡಿದರೆ ಹತ್ತರಲ್ಲಿ ಎಂಟು ಬಿಲ್ ಹಳಬರದೇ. ಅವರು ಮೊದಲು ಎಂಆರ್‌ಪಿಗೇ ಕೊಂಡುಕೊಳ್ಳುತ್ತಿದ್ದ ಮೂರು ಲಕ್ಷದ ಸಾಮಾನಿಗೆ ನಾನು ಐದು ಪರ್ಸೆಂಟಿನಂತೆ 15,000 ರೂಪಾಯಿ ಸುಮ್ನೆ ಬಿಟ್ಟುಕೊಟ್ಟಿದ್ದೆ. ಹೊಸದಾಗಿ ಬಂದ 75,000 ರೂಪಾಯಿ ವ್ಯಾಪಾರದಿಂದ ಸಿಕ್ಕಿದ್ದು 3,750. ಹಳಬರಿಗೆ ಕಡಿಮೆ ಮಾಡಿದ್ದಕ್ಕೆ ನನಗೆ ಬೇಸರವಿಲ್ಲ, ಅಂಗಡಿ ನಡೆಯುವುದೇ ಅವರಿಂದ. ಆದರೆ ಗಿರಾಕಿ ಹೆಚ್ಚಿಸಲು ಅಂತ ಮಾಡಿದ ಖರ್ಚು ಅದು, ಮತ್ತು ಅದರಲ್ಲಿ ಬಹುಪಾಲು ಆ ಕೆಲಸಕ್ಕೆ ಹೋಗಲೇ ಇಲ್ಲ.

ಸೊನ್ನೆಯೊಳಗಿನ ಚುಕ್ಕಿಗಳೂ ಕಡಿಮೆ ಇದ್ದವು. ಹೊಸಬರಲ್ಲಿ ಹೆಚ್ಚಿನವರು ಬಟ್ಟೆ ಸೋಪಿನ ಪುಡಿಯೋ ಟೀ ಪುಡಿಯೋ ತೆಗೆದುಕೊಂಡು ಹೋಗುತ್ತಿದ್ದರು. ಜನ ಬರುವುದರಿಂದ ಅಂಗಡಿಗೆ ನಿಜವಾಗಿ ಲಾಭವಾಗುವುದು ಅವರು ಜೊತೆಗೆ ತೊಗರಿಬೇಳೆ, ಬೆಲ್ಲ ಕೊಂಡಾಗ. ತೂಕದ ಸಾಮಾನಿನ ವ್ಯಾಪಾರ ಏರಿದ್ದು ಇಪ್ಪತ್ತು ಸಾವಿರ ಮಾತ್ರ, ಅದರಿಂದ 2,800 ರೂಪಾಯಿ ಬಂತು. ಎಣ್ಣೆ, ಹಾಲು ಹತ್ತು ಸಾವಿರದಷ್ಟು ಏರಿ 400 ಬಂತು. ಎಲ್ಲಾ ಕೂಡಿ, ಸಂಜೆಯ ಹುಡುಗನಿಗೆ ಕೊಟ್ಟ 3,000 ಕಳೆದು, ಆ ತಿಂಗಳು ಮನೆಗೆ ಉಳಿದದ್ದು 14,950. ವ್ಯಾಪಾರ 86,000 ಮೇಲೆ, ಲಾಭ 11,000 ಕೆಳಗೆ.

ತೆರಿಗೆಯನ್ನು ಈ ಲೆಕ್ಕದಲ್ಲಿ ಹಿಡಿದಿಲ್ಲ. ನಾನು ಜಿಎಸ್‌ಟಿಯ ಕಾಂಪೋಸಿಷನ್ ಸ್ಕೀಮ್‌ನಲ್ಲಿದ್ದೇನೆ. ಅದರಲ್ಲಿ ತೆರಿಗೆ ಬೀಳುವ ಸಾಮಾನಿನ ಮಾರಾಟದ ಮೇಲೆ ಒಂದು ಪರ್ಸೆಂಟ್ ಕಟ್ಟಬೇಕು, ಗಿರಾಕಿಯಿಂದ ಅದನ್ನು ಬೇರೆಯಾಗಿ ವಸೂಲಿ ಮಾಡುವಂತಿಲ್ಲ. ಲಾಭ ಎಷ್ಟು ಅಂತ ಯಾರೂ ಕೇಳುವುದಿಲ್ಲ, ಮಾರಾಟ ಎಷ್ಟು ಅಂತ ಮಾತ್ರ ನೋಡುತ್ತಾರೆ. ಹತ್ತು ರೂಪಾಯಿ ಉಳಿಯುವಾಗ ಆ ಒಂದು ರೂಪಾಯಿ ಹತ್ತನೇ ಒಂದು ಪಾಲು. ಐದು ಉಳಿಯುವಾಗ ಹೆಚ್ಚುಕಡಿಮೆ ಐದನೇ ಒಂದು ಪಾಲು.

ಇನ್ನೊಂದು ಸಣ್ಣ ವಿಷಯ, ಆದರೆ ದಿನಾ ಚುಚ್ಚುತ್ತಿದ್ದದ್ದು. ನಮ್ಮಲ್ಲಿ ಹತ್ತು ರೂಪಾಯಿ ಪ್ಯಾಕೆಟ್‌ಗಳು ಜಾಸ್ತಿ ಹೋಗುತ್ತವೆ. ಹತ್ತಕ್ಕೆ ಐದು ಪರ್ಸೆಂಟ್ ಅಂದರೆ ಐವತ್ತು ಪೈಸೆ. ಐವತ್ತು ಪೈಸೆ ಯಾರ ಹತ್ತಿರ ಇದೆ? "ಒಂಬತ್ತು ತಗೊಳ್ಳಿ ಅಣ್ಣಾ" ಅಂತ ಗಿರಾಕಿ ಹೇಳುತ್ತಿದ್ದರು. ಆ ಪ್ಯಾಕೆಟ್ ನನಗೆ ಬಿದ್ದಿರುವುದೇ ಒಂಬತ್ತು ರೂಪಾಯಿಗೆ.

ಬೋರ್ಡ್ ತೆಗೆದೆ. ಹಾಕುವಾಗ ಇದ್ದ ಧೈರ್ಯ ತೆಗೆಯುವಾಗ ಇರಲಿಲ್ಲ. "ಹೋದ ತಿಂಗಳು ಕಡಿಮೆಗೆ ಕೊಟ್ರಲ್ಲ, ಈಗ ಯಾಕೆ ಅಣ್ಣಾ?" ಅಂತ ಎದುರು ಮನೆಯ ಆಂಟಿ ಕೇಳಿದರು. "ಆ ರೇಟಿಗೆ ನನಗೆ ಏನೂ ಉಳೀತಿಲ್ಲ ಆಂಟಿ" ಅಂತ ಇದ್ದದ್ದನ್ನೇ ಹೇಳಿದೆ. ಅವರು ಈಗಲೂ ಬರುತ್ತಾರೆ. ತಿಂಗಳ ಸಾಮಾನಿನ ಚೀಟಿ ಕೊಡುತ್ತಿದ್ದ ಐದು ಮನೆಯವರು ನಿಲ್ಲಿಸಿದರು, ಆಮೇಲೆ ಇಬ್ಬರು ವಾಪಸ್ ಬಂದರು. ಎಲ್ಲರಿಗೂ ಕೊಟ್ಟ ರಿಯಾಯಿತಿಯನ್ನು ವಾಪಸ್ ತೆಗೆಯುವುದು ಇಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ.

ಕಡಿಮೆಗೆ ಮಾರುವುದನ್ನು ಮಾತ್ರ ಬಿಡಲಿಲ್ಲ. ಎಲ್ಲಿ ಕಡಿಮೆ ಮಾಡಬಹುದು ಅಂತ ಹುಡುಕಿದೆ. ಖರೀದಿ ಬಿಲ್ ನೋಡುವಾಗ ಕಂಡದ್ದು ಇದು: ಎಲ್ಲಾ ಎಂಆರ್‌ಪಿಯೂ ಒಂದೇ ಥರ ಅಲ್ಲ. ಸೋಪಿನ ಎಂಆರ್‌ಪಿಗೂ ನನ್ನ ಖರೀದಿಗೂ ನೂರಕ್ಕೆ ಹತ್ತು ರೂಪಾಯಿ ಅಂತರ ಅಷ್ಟೇ, ನಮ್ಮಂಥ ಅಂಗಡಿಯವರೆಲ್ಲ ಅದನ್ನು ಎಂಆರ್‌ಪಿಗೇ ಮಾರುತ್ತಾರೆ. ಸನ್‌ಫ್ಲವರ್ ಎಣ್ಣೆಯ ಕತೆ ಬೇರೆ. ಆ ವಾರ ಒಂದು ಲೀಟರ್ ಪ್ಯಾಕೆಟ್ ಮೇಲೆ 175 ಅಂತ ಅಚ್ಚಾಗಿತ್ತು. ನನಗೆ ಬಿದ್ದದ್ದು 148. ಬೀದಿಯಲ್ಲಿ ಎಲ್ಲರೂ ಮಾರುತ್ತಿದ್ದದ್ದು 154ಕ್ಕೆ. ಎಣ್ಣೆಯ ರೇಟು ಆಗಾಗ ಏರಿಳಿಯುವುದರಿಂದ ಕಂಪನಿಯವರು ಎಂಆರ್‌ಪಿಯನ್ನು ಮೇಲಿಟ್ಟಿರುತ್ತಾರೆ. ಹಾಗಾಗಿ ಇಲ್ಲಿ ನಿಜವಾದ ಬೆಲೆ ಅಂದರೆ ಬೀದಿಯ ರೇಟು. ಮತ್ತೆ, ಎಣ್ಣೆಯ ರೇಟು ಪ್ರತಿ ಮನೆಯವರಿಗೂ ಗೊತ್ತಿರುತ್ತದೆ. ಟೂತ್ ಬ್ರಷ್ಷಿಗೆ ಎರಡು ರೂಪಾಯಿ ಕಡಿಮೆ ಮಾಡಿದರೆ ಯಾರಿಗೂ ಕಾಣುವುದಿಲ್ಲ, ಎಣ್ಣೆಗೆ ಮೂರು ರೂಪಾಯಿ ಕಡಿಮೆ ಮಾಡಿದರೆ ಪಕ್ಕದ ಬೀದಿಗೂ ಗೊತ್ತಾಗುತ್ತದೆ.

ಎಣ್ಣೆಯನ್ನು 151ಕ್ಕೆ ಇಟ್ಟೆ. ತಿಂಗಳಿಗೆ 350 ಲೀಟರ್ ಹೋಗುತ್ತಿದ್ದದ್ದು 500 ಲೀಟರ್ ಆಯಿತು. ಮೊದಲು ಲೀಟರಿಗೆ ಆರರಂತೆ 2,100 ಸಿಗುತ್ತಿತ್ತು, ಈಗ ಮೂರರಂತೆ 1,500. ಗಿರಾಕಿಯನ್ನು ಒಳಗೆ ಕರೆಯಲು ನನಗೆ ಬೀಳುವ ಖರ್ಚು ತಿಂಗಳಿಗೆ 600 ರೂಪಾಯಿ. ಎಣ್ಣೆಯ ಪಕ್ಕದಲ್ಲೇ ತೊಗರಿಬೇಳೆ, ಕಡಲೆಬೇಳೆ, ಬೆಲ್ಲದ ಡಬ್ಬಗಳನ್ನು ತಂದಿಟ್ಟೆ. ಮೊದಲು ಅವು ಒಳಗೋಡೆಗೆ ಇದ್ದವು. ಒಬ್ಬರಿಗೆ ಎರಡೇ ಪ್ಯಾಕೆಟ್ ಅಂತ ನಿಯಮ ಮಾಡಿದೆ, ಯಾಕೆಂದರೆ ಮೊದಲ ಎರಡು ದಿನದಲ್ಲೇ ಹತ್ತಿರದ ಮೆಸ್ಸಿನವರು ಬಂದು ಪೂರ್ತಿ ಬಾಕ್ಸ್ ಎತ್ತಿಕೊಂಡು ಹೋದರು. ಅವರು ಬೇಳೆಯನ್ನು ನನ್ನ ಹತ್ತಿರ ಕೊಳ್ಳುವುದಿಲ್ಲ.

ಪ್ಯಾಕೆಟ್ ಸಾಮಾನಿಗೆ ಈಗ ಕಡಿಮೆ ಮಾಡುವುದು ಕಂಪನಿಯ ಸ್ಕೀಮ್ ಬಂದಾಗ ಮಾತ್ರ. ಉದಾಹರಣೆಗೆ, 50 ರೂಪಾಯಿಯ ಪೇಸ್ಟು ನನಗೆ 45ಕ್ಕೆ ಬೀಳುತ್ತದೆ. ಸೇಲ್ಸ್‌ಮನ್ ಹನ್ನೆರಡಕ್ಕೆ ಒಂದು ಫ್ರೀ ಕೊಟ್ಟರೆ 540ಕ್ಕೆ ಹದಿಮೂರು ಬಂದ ಹಾಗೆ, ಒಂದಕ್ಕೆ ಸುಮಾರು ನಲವತ್ತೊಂದೂವರೆ. ಅದನ್ನು 47ಕ್ಕೆ ಮಾರಿದರೂ ಐದೂವರೆ ರೂಪಾಯಿ ಉಳಿಯುತ್ತದೆ, ಸ್ಕೀಮ್ ಇಲ್ಲದೆ ಎಂಆರ್‌ಪಿಗೆ ಮಾರಿದಾಗ ಸಿಗುವುದಕ್ಕಿಂತ ಜಾಸ್ತಿ. ಆದರೆ ಸ್ಕೀಮಿನ ಆಸೆಗೆ ಮೂರು ತಿಂಗಳಿಗೆ ಆಗುವಷ್ಟು ಸಾಮಾನು ಇಳಿಸಿಕೊಂಡರೆ ದುಡ್ಡು ಶೆಲ್ಫಿನಲ್ಲಿ ಕೂರುತ್ತದೆ. ಒಂದು ತಿಂಗಳಲ್ಲಿ ಖಾಲಿಯಾಗುವಷ್ಟೇ ತೆಗೆದುಕೊಳ್ಳುತ್ತೇನೆ. ಸ್ಟಾಕ್ ಮುಗಿದ ದಿನ ರೇಟು ಮತ್ತೆ 50. ಇದನ್ನು ಮೊದಲೇ ಹೇಳಿರುವುದರಿಂದ ಯಾರೂ ಜಗಳ ಮಾಡುವುದಿಲ್ಲ.

ಹೀಗೆ ನಾಲ್ಕು ತಿಂಗಳು ನಡೆಸಿದ ಮೇಲೆ ಲೆಕ್ಕ ನೋಡಿದೆವು. ದಿನಕ್ಕೆ 118 ಬಿಲ್, 135 ಅಲ್ಲ. ತೂಕದ ಸಾಮಾನು ಎರಡು ಲಕ್ಷ ಮೂವತ್ತು ಸಾವಿರಕ್ಕೆ ಬಂದಿತ್ತು. ಖರ್ಚು ಕಳೆದು ಮನೆಗೆ ಉಳಿದದ್ದು 30,100. ಸಂಜೆಗೆ ಎರಡನೇ ಹುಡುಗ ಬೇಕಾಗಲಿಲ್ಲ.

ಎಣ್ಣೆಯಲ್ಲಿ ಒಂದು ಸಲ ಪೆಟ್ಟು ತಿಂದೆ. ರೇಟು ಏರುತ್ತದೆ ಅಂತ ಯಾರೋ ಹೇಳಿದರು ಅಂತ 148ರಂತೆ ಇನ್ನೂರು ಲೀಟರ್ ಒಟ್ಟಿಗೆ ಇಳಿಸಿಕೊಂಡೆ. ಮುಂದಿನ ವಾರವೇ ಖರೀದಿ ರೇಟು 141ಕ್ಕೆ ಇಳಿಯಿತು, ಎದುರು ಅಂಗಡಿಯವರು 145 ಅಂತ ಬರೆದರು. ಉಳಿದಿದ್ದ 120 ಲೀಟರನ್ನು ಲೀಟರಿಗೆ ಮೂರು ರೂಪಾಯಿ ನಷ್ಟದಲ್ಲಿ ಮಾರಿದೆ. ಅಲ್ಲಿಂದ ಹತ್ತು ದಿನಕ್ಕೆ ಆಗುವಷ್ಟೇ ಎಣ್ಣೆ ತರುತ್ತೇನೆ. ಪೇಂಟ್ ಮಾಡಿಸಿದ ಬೋರ್ಡಿನ ಜಾಗದಲ್ಲಿ ಈಗ ಒಂದು ಕರಿ ಹಲಗೆ ಇದೆ. ಬೆಳಿಗ್ಗೆ ಹಾಲಿನ ಟ್ರೇ ಇಳಿಸಿದ ಮೇಲೆ ಅವತ್ತಿನ ಎಣ್ಣೆ ರೇಟನ್ನು ಸೀಮೆಸುಣ್ಣದಲ್ಲಿ ಬರೆಯುತ್ತೇನೆ.