ಜಗಳೂರಿನ ಹಳೇ ಎಫ್‌ಡಿ: ಹತ್ತು ಸಾವಿರದ ರಸೀದಿ, ಐವತ್ತೇಳು ಸಾವಿರ ಕೈಗೆ

ದಾವಣಗೆರೆಯಲ್ಲಿ ನಮ್ಮ ನಿವೃತ್ತ ಶಿಕ್ಷಕರ ಗುಂಪಿಗೆ ಈ ರಸೀದಿ ತೋರಿಸಿದಾಗ ಒಬ್ಬರೂ ನಂಬಲಿಲ್ಲ. "ಮೇಷ್ಟ್ರೇ, ಆ ಬ್ಯಾಂಕೇ ಇಲ್ಲ ಈಗ. ದುಡ್ಡು ಸರ್ಕಾರಕ್ಕೆ ಹೋಗಿರುತ್ತೆ, ಓಡಾಡಿ ಬಸ್ ಚಾರ್ಜ್ ದಂಡ ಮಾಡ್ಕೋಬೇಡಿ" ಅಂದರು. ದುಡ್ಡು ಈಗ ನನ್ನ ಪೆನ್ಷನ್ ಖಾತೆಯಲ್ಲಿದೆ. ಹಾಗೆ ಹೇಳಿದವರೇ ತಮ್ಮ ಹಳೇ ಪಾಸ್‌ಬುಕ್ ಹಿಡಿದುಕೊಂಡು ಮನೆಗೆ ಬರುತ್ತಿದ್ದಾರೆ. ಅದಕ್ಕೇ ಒಂದು ಕಡೆ ಬರೆದಿಡುತ್ತಿದ್ದೇನೆ.

ಠೇವಣಿ ಇಟ್ಟಿದ್ದು 1997ರ ಜೂನ್‌ನಲ್ಲಿ, ಜಗಳೂರಿನಲ್ಲಿ ನೌಕರಿಯಲ್ಲಿದ್ದಾಗ. ಹತ್ತು ಸಾವಿರ ರೂಪಾಯಿ, ಹತ್ತು ವರ್ಷಕ್ಕೆ, ಬಡ್ಡಿ ಶೇ. 12. ಮಗಳ ಮದುವೆಗೆ ಅಂತ ಇಟ್ಟಿದ್ದು. ಮುಂದೆ ವರ್ಗಾವಣೆ ಮೇಲೆ ವರ್ಗಾವಣೆ ಆಗಿ, ರಸೀದಿ ಮನೆಯವಳ ಟ್ರಂಕಿನಲ್ಲಿ ಸೀರೆಗಳ ಅಡಿ ಸೇರಿತ್ತು. ಮಡಿಕೆಯ ಕಡೆ ಸ್ವಲ್ಪ ಹರಿದಿತ್ತು. ಆದರೆ ನಂಬರು, ಮ್ಯಾನೇಜರ್ ಸಹಿ, ಅವಧಿ ಮುಗಿದಾಗ ಸಿಗುವ ಮೊತ್ತ 32,600 ಚಿಲ್ಲರೆ, ಎಲ್ಲ ಓದುವಂತಿತ್ತು.

ನನ್ನ ಬ್ಯಾಂಕು ಇನ್ನೊಂದರಲ್ಲಿ ವಿಲೀನ ಆಗಿ ಬೋರ್ಡು ಬದಲಾಗಿದೆ. ಅದರಿಂದ ಹಣ ಎಲ್ಲೂ ಹೋಗುವುದಿಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ ಸೇರಿದವು. ಸೇರಿಸಿಕೊಂಡ ಬ್ಯಾಂಕೇ ಹಳೇ ಠೇವಣಿಗೂ ಹೊಣೆ. ಹತ್ತು ವರ್ಷ ಯಾರೂ ಕೇಳದೆ ಉಳಿದ ಠೇವಣಿಯನ್ನು ಬ್ಯಾಂಕು ರಿಸರ್ವ್ ಬ್ಯಾಂಕಿನ ಡಿಇಎ ಫಂಡಿಗೆ ಕಳಿಸುತ್ತದೆ. 2014ರಿಂದ ಇದು ಜಾರಿಯಲ್ಲಿದೆ. ಅಲ್ಲಿಗೆ ಹೋದರೂ ನಮ್ಮ ಹಕ್ಕು ಹೋಗುವುದಿಲ್ಲ, ಯಾವಾಗ ಬೇಕಾದರೂ ಕೇಳಬಹುದು.

ಮೊದಲು, ಯಾರೂ ಕೇಳದೆ ಉಳಿದ ಠೇವಣಿ ಹುಡುಕಲು ರಿಸರ್ವ್ ಬ್ಯಾಂಕ್ ಮಾಡಿರುವ ಪೋರ್ಟಲ್ udgam.rbi.org.in ನಲ್ಲಿ ಮೊಬೈಲ್ ನಂಬರ್ ಕೊಟ್ಟು ನೋಂದಾಯಿಸಿಕೊಂಡು ಹುಡುಕಿದೆ. ಪ್ಯಾನ್ ಹಾಕಿದೆ, ಏನೂ ಇಲ್ಲ. ಹುಟ್ಟಿದ ದಿನಾಂಕ ಹಾಕಿದೆ, ಅದೂ ಇಲ್ಲ. ಎಲ್ಲರೂ ಕೈಬಿಡುವುದು ಇಲ್ಲೇ. 1997ರಲ್ಲಿ ನನಗೆ ಪ್ಯಾನೇ ಇರಲಿಲ್ಲ, ಹುಟ್ಟಿದ ದಿನಾಂಕವನ್ನು ಬ್ಯಾಂಕಿನವರು ಕೇಳಿರಲೂ ಇಲ್ಲ. ಅವರ ಲೆಡ್ಜರಿನಲ್ಲಿ ಇಲ್ಲದ್ದನ್ನು ಕೊಟ್ಟರೆ ಹೊಂದಾಣಿಕೆ ಎಲ್ಲಿಂದ ಬರಬೇಕು? ರಸೀದಿ ಮೇಲಿದ್ದದ್ದು ಹೆಸರು ಮತ್ತು ವಿಳಾಸ ಮಾತ್ರ. ಆದ್ದರಿಂದ ವಿಳಾಸದಿಂದ ಹುಡುಕಿದೆ. ದಾವಣಗೆರೆ ಅಂತ ಕೊಟ್ಟಾಗ ಸಿಗಲಿಲ್ಲ. ದಾವಣಗೆರೆ ಜಿಲ್ಲೆ ಆಗಿದ್ದು 1997ರ ಆಗಸ್ಟ್‌ನಲ್ಲಿ. ನನ್ನ ರಸೀದಿ ಜೂನ್‌ನದ್ದು, ಆಗ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಹೆಸರನ್ನು ಆಧಾರ್‌ನಲ್ಲಿರುವ Rajappa Thimmappa ಬಿಟ್ಟು ರಸೀದಿಯಲ್ಲಿದ್ದ ಹಾಗೆ T Rajappa ಅಂತ ಬರೆದೆ. ವಿಳಾಸಕ್ಕೆ Jagalur, Chitradurga ಹಾಕಿದೆ. ನನ್ನ ಠೇವಣಿಯ ಸಾಲು ಬಂತು, ಜೊತೆಗೆ ಯುಡಿಆರ್‌ಎನ್ ಅನ್ನುವ ಉದ್ದನೆಯ ನಂಬರು. ಪೋರ್ಟಲ್ ಮೊತ್ತ ತೋರಿಸುವುದಿಲ್ಲ, ಹಣವನ್ನೂ ಕೊಡುವುದಿಲ್ಲ. ಆ ನಂಬರು ಬರೆದುಕೊಂಡು ಶಾಖೆಗೆ ಹೋಗಬೇಕು.

ಶಾಖೆಯಲ್ಲಿ ಮೊದಲ ಉತ್ತರ: "ಆರ್‌ಬಿಐಯಿಂದ ದುಡ್ಡು ಬಂದ ಮೇಲೆ ಫೋನ್ ಮಾಡ್ತೀವಿ ಸರ್." ಇದನ್ನು ಕೇಳಿ ಮನೆಗೆ ಬಂದರೆ ಕೆಲಸ ಕೆಟ್ಟಿತು. ನಿಯಮ ಉಲ್ಟಾ ಇದೆ. ಬ್ಯಾಂಕು ಮೊದಲು ಗ್ರಾಹಕನಿಗೆ ಕೊಡಬೇಕು, ಆಮೇಲೆ ಆರ್‌ಬಿಐಯಿಂದ ವಾಪಸು ಪಡೆಯಬೇಕು. ಇದನ್ನು ಅರ್ಜಿಯಲ್ಲೇ ಬರೆದು, ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೆ. ಸೀಲು ಬಿದ್ದ ಮೇಲೆ ಮಾತಿನ ಧಾಟಿ ಬದಲಾಯಿತು. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕಿನ ಮೇಲಿನ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಹಾಕಬಹುದು ಅನ್ನುವುದನ್ನೂ ಸಮಾಧಾನವಾಗಿಯೇ ಹೇಳಿದೆ.

ಆಮೇಲೆ ಸಹಿಯ ತಕರಾರು. ಆಗಿನ ನನ್ನ ಸಹಿ ಕನ್ನಡದ್ದು, ಅಗಲವಾಗಿ. ಈಗಿನದ್ದು ಕೈ ನಡುಗಿ ಚಿಕ್ಕದಾಗಿದೆ. ಹೆಸರಿನ ವ್ಯತ್ಯಾಸಕ್ಕೆ ನೋಟರಿ ಅಫಿಡವಿಟ್ ಸಾಕಾಯಿತು, ಮುನ್ನೂರು ರೂಪಾಯಿ ಚಿಲ್ಲರೆ ಖರ್ಚು. ಸಹಿಗೆ ಅದು ಸಾಲಲಿಲ್ಲ. ಆ ಕಾಲದ ಒಂದು ಸರ್ಕಾರಿ ಕಾಗದದ ಮೇಲೆ ನನ್ನ ಹಳೇ ಸಹಿ ಸಿಕ್ಕಿತು, ಅದು ಒಪ್ಪಿಗೆಯಾಯಿತು. ಯಾವ ಕಾಗದ, ಯಾರ ಹತ್ತಿರ ತೆಗೆಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮವರು ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ಅಸಲು ಹೋರಾಟ ಬಡ್ಡಿಯದ್ದು. ಅವರು ಮೊದಲು ಕೊಟ್ಟ ಲೆಕ್ಕ ನಲವತ್ತೊಂದು ಸಾವಿರದ ಆಸುಪಾಸು. ರಸೀದಿಯ 32,600ಕ್ಕೆ ಫಂಡಿಗೆ ಹೋದ ಮೇಲಿನ ಬಡ್ಡಿ ಮಾತ್ರ ಸೇರಿಸಿದ್ದರು. 2007ಕ್ಕೆ ಅವಧಿ ಮುಗಿದಿದೆ, ಫಂಡಿಗೆ ಹೋಗಿದ್ದು 2017ಕ್ಕೆ. ನಡುವಿನ ಹತ್ತು ವರ್ಷ ಹಣ ಬ್ಯಾಂಕಿನಲ್ಲೇ ಇತ್ತಲ್ಲ? ಅವಧಿ ಮುಗಿದೂ ಯಾರೂ ಕೇಳದ ಎಫ್‌ಡಿಗೆ ಉಳಿತಾಯ ಖಾತೆಯ ಬಡ್ಡಿ ಸಿಗಬೇಕು ಅಂತ ಆರ್‌ಬಿಐ 2008ರಲ್ಲೇ ಹೇಳಿತ್ತು. ಆ ಬಡ್ಡಿ 2011ರ ಮೇವರೆಗೆ ಶೇ. 3.5, ಆಮೇಲೆ ಶೇ. 4 ಇತ್ತು. ಸರಳ ಬಡ್ಡಿ ಹಿಡಿದರೂ ಹನ್ನೆರಡು ಸಾವಿರದಷ್ಟು ಅಲ್ಲೇ ಬರಬೇಕು. ಬಾಯಲ್ಲಿ ವಾದಿಸಲಿಲ್ಲ. ಕೌಂಟರಿನ ಹುಡುಗಿಗೆ ಒಂದೇ ಕೇಳಿದೆ: "ಅಮ್ಮಾ, 2017ರಲ್ಲಿ ಫಂಡಿಗೆ ಕಳಿಸಿದ ದಿನ ನನ್ನ ಹೆಸರಲ್ಲಿ ಎಷ್ಟು ಮೊತ್ತ ಹೋಗಿದೆ, ಅದನ್ನು ತೆಗೆದು ನೋಡು." ತೆಗೆದು ನೋಡಿದರೆ ನಲವತ್ತೈದು ಸಾವಿರ ಹೋಗಿತ್ತು! ಕಳಿಸುವಾಗ ಬಡ್ಡಿ ಸೇರಿಸಿಯೇ ಕಳಿಸಿದ್ದರು, ನನಗೆ ಲೆಕ್ಕ ಹಾಕುವಾಗ ಮಾತ್ರ ರಸೀದಿಯ ಅಂಕಿ ಹಿಡಿದಿದ್ದರು.

ಅಲ್ಲಿಂದ ಮುಂದಿನದ್ದು ಸರಳ. ಫಂಡಿನಲ್ಲಿದ್ದ ಹಣಕ್ಕೆ ಸರಳ ಬಡ್ಡಿ. 2018ರ ಜೂನ್‌ವರೆಗೆ ಶೇ. 4, 2021ರ ಮೇ 10ರವರೆಗೆ ಶೇ. 3.5, ಆಮೇಲೆ ಶೇ. 3. ಅರ್ಜಿ ಹಾಕಿದ 2025ರ ಮಧ್ಯದವರೆಗೆ ಅದು ಹನ್ನೆರಡು ಸಾವಿರದ ಹತ್ತಿರ ಆಯಿತು. ಒಟ್ಟು ಐವತ್ತೇಳು ಸಾವಿರ. ಮೊದಲ ಲೆಕ್ಕಕ್ಕೆ ರುಜು ಹಾಕಿದ್ದರೆ ಹದಿನೈದು ಸಾವಿರಕ್ಕೂ ಹೆಚ್ಚು ಹೋಗುತ್ತಿತ್ತು. ಮೂವತ್ತು ವರ್ಷ ಗಣಿತ ಹೇಳಿಕೊಟ್ಟಿದ್ದು ಇಲ್ಲಿ ಕೈ ಹಿಡಿಯಿತು. ರಸೀದಿ ಹಿಂದೆ ರೆವೆನ್ಯೂ ಸ್ಟಾಂಪ್ ಅಂಟಿಸಿ ಸಹಿ ಮಾಡಿದೆ, ಪ್ಯಾನ್ ಕೊಟ್ಟೆ, ಬಡ್ಡಿಯಲ್ಲಿ ತೆರಿಗೆ ಹಿಡಿಯಬೇಡಿ ಅನ್ನುವ 15ಎಚ್ ಫಾರಂ ಕೊಟ್ಟೆ.

ನಡುವೆ ಒಬ್ಬ ಏಜೆಂಟ್ ಶೇ. 10 ಕೊಟ್ಟರೆ ತಾನೇ ಮಾಡಿಸುತ್ತೇನೆ ಅಂತ ಬಂದಿದ್ದ, ವಾಪಸು ಕಳಿಸಿದೆ. ನನಗೆ ಆದ ಖರ್ಚು ಬಸ್ಸು, ಜೆರಾಕ್ಸು, ನೋಟರಿ ಎಲ್ಲ ಸೇರಿ ಏಳೆಂಟು ನೂರು.

ಹುಮ್ಮಸ್ಸಿನಲ್ಲಿ ಗೊತ್ತಿದ್ದವರ ಹೆಸರನ್ನೆಲ್ಲ ಪೋರ್ಟಲ್‌ನಲ್ಲಿ ಹುಡುಕಿ ನೋಡಿದೆ. ತೀರಿಕೊಂಡ ಸಹೋದ್ಯೋಗಿಯೊಬ್ಬರ ಹಿರಿಯೂರಿನ ಉಳಿತಾಯ ಖಾತೆ ಸಿಕ್ಕಿತು. ಅವರ ಮನೆಯವರಿಗೆ ಹೇಳಿ ಮರಣ ಪ್ರಮಾಣಪತ್ರದ ಜೊತೆ ಅರ್ಜಿ ಹಾಕಿಸಿದ್ದೇನೆ, ನಾಮಿನಿ ಇರುವುದರಿಂದ ಬೇಗ ಆಗುತ್ತದೆ. ಇನ್ನೊಬ್ಬರ ಪತ್ತಿನ ಸಹಕಾರ ಸಂಘದ ಠೇವಣಿ ಹುಡುಕಿದರೆ ಏನೂ ಬರಲಿಲ್ಲ. ಸಂಘಗಳು ಈ ಪೋರ್ಟಲ್‌ನಲ್ಲಿ ಬರುವುದಿಲ್ಲ, ಫಂಡಿನ ವ್ಯವಸ್ಥೆಗೂ ಸೇರುವುದಿಲ್ಲ. ಅದಕ್ಕೆ ಸಂಘದ ಕಾರ್ಯದರ್ಶಿಯನ್ನೇ ಹಿಡಿಯಬೇಕು, ಮುಂದಿನ ವಾರ ಅವರ ಜೊತೆ ನಾನೂ ಹೋಗುತ್ತಿದ್ದೇನೆ.