ಗ್ರೈಂಡಿಂಗ್ ಮೆಷೀನಿನ ಒಂದು ಗಂಟೆ: ಥ್ರೂಪುಟ್, ಸ್ಕೋರ್‌ಕಾರ್ಡ್ ಪ್ರಶ್ನೆಗೆ ನಾನು ಉತ್ತರ ಬರೆದ ರೀತಿ

‘ಬ್ಯಾಲೆನ್ಸ್ಡ್ ಸ್ಕೋರ್‌ಕಾರ್ಡ್ ಮತ್ತು ಥ್ರೂಪುಟ್ ಅಕೌಂಟಿಂಗ್ ಸಾಂಪ್ರದಾಯಿಕ ಮಾಪನಗಳಿಗಿಂತ ಹೇಗೆ ಭಿನ್ನ? ವಿಮರ್ಶಿಸಿ.’ ಸಿಎಂಎ ಇರಲಿ, ಎಂ.ಕಾಂ ಇರಲಿ, ಈ ಪ್ರಶ್ನೆ ಒಂದಲ್ಲ ಒಂದು ವೇಷದಲ್ಲಿ ಬಂದೇ ಬರುತ್ತದೆ. ಹೆಚ್ಚಿನವರು ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ಹಳೆಯದು, ಬಲಕ್ಕೆ ಹೊಸದು ಎಂದು ಎಂಟು ಸಾಲು ತುಂಬಿಸುತ್ತಾರೆ. ಆ ಪಟ್ಟಿಯಲ್ಲಿ ತಪ್ಪೇನೂ ಇರುವುದಿಲ್ಲ, ಆದರೆ ವಿಮರ್ಶೆಯೂ ಇರುವುದಿಲ್ಲ. ಪರೀಕ್ಷೆಗೆ ಓದುವಾಗ ಹಗಲು ಪೀಣ್ಯದ ಕಡೆಯ ಒಂದು ಮೆಷೀನ್ ಶಾಪಿನಲ್ಲಿ ಕಾಸ್ಟಿಂಗ್ ನೋಡಿಕೊಳ್ಳುತ್ತಿದ್ದೆ. ಹಾಗಾಗಿ ಥಿಯರಿ ಪ್ರಶ್ನೆಗೂ ಅಂಥದ್ದೇ ಒಂದು ಶಾಪನ್ನು ಉದಾಹರಣೆಯಾಗಿ ಇಟ್ಟುಕೊಂಡೆ. ಅಂಕಿಗಳನ್ನು ಬಾಯಲ್ಲೇ ಲೆಕ್ಕ ಹಾಕಲು ಬರುವಂತೆ ದುಂಡಗೆ ಮಾಡಿಕೊಂಡೆ.

ಶಾಪಿನಲ್ಲಿ ಲೇತ್, ಮಿಲ್ಲಿಂಗ್, ಕೊನೆಗೆ ಗ್ರೈಂಡಿಂಗ್. ಗ್ರೈಂಡಿಂಗ್ ಮೆಷೀನ್ ಒಂದೇ ಇದೆ. ದಿನಕ್ಕೆ 8 ಗಂಟೆಯಂತೆ 25 ದಿನ, ಅಂದರೆ ತಿಂಗಳಿಗೆ 200 ಗಂಟೆ ಓಡುತ್ತದೆ. ತಯಾರಾಗುವುದು ಎರಡು ಐಟಂ. ಸ್ಪಿಂಡಲ್‌ನ ಬೆಲೆ 900 ರೂ., ಮೆಟೀರಿಯಲ್ 300 ರೂ.; ಗ್ರೈಂಡಿಂಗ್‌ಗೆ 12 ನಿಮಿಷ ಬೇಕು. ಬುಷ್‌ನ ಬೆಲೆ 620 ರೂ., ಮೆಟೀರಿಯಲ್ 220 ರೂ.; ಗ್ರೈಂಡಿಂಗ್‌ಗೆ 6 ನಿಮಿಷ ಸಾಕು. ತಿಂಗಳಿಗೆ 800 ಸ್ಪಿಂಡಲ್, 1,000 ಬುಷ್‌ಗೆ ಬೇಡಿಕೆಯಿದೆ. ಕೂಲಿ, ಬಾಡಿಗೆ, ಕರೆಂಟು ಎಲ್ಲ ಸೇರಿ ತಿಂಗಳ ಖರ್ಚು 5,60,000 ರೂ.

ಮೊದಲು ಹಳೆಯ ಪದ್ಧತಿಯಲ್ಲಿ ನೋಡೋಣ. ಸ್ಪಿಂಡಲ್‌ಗೆ 25 ನಿಮಿಷ, ಬುಷ್‌ಗೆ 20 ನಿಮಿಷ ಕೂಲಿಯಾಳಿನ ಸಮಯ. ಪೂರ್ತಿ ಬೇಡಿಕೆಗೆ ಒಟ್ಟು 40,000 ನಿಮಿಷ. 5,60,000 ರೂಪಾಯಿಯನ್ನು ಅದಕ್ಕೆ ಹಂಚಿದರೆ ನಿಮಿಷಕ್ಕೆ 14 ರೂ. ಆಗ ಸ್ಪಿಂಡಲ್ ಮೇಲೆ 350, ಬುಷ್ ಮೇಲೆ 280 ಬೀಳುತ್ತದೆ. ಲಾಭ ಸ್ಪಿಂಡಲ್‌ಗೆ 250 ರೂ., ಬುಷ್‌ಗೆ 120 ರೂ. ಶೇಕಡಾವಾರು ನೋಡಿದರೂ ಸ್ಪಿಂಡಲ್ಲೇ ಮುಂದು. ಮಾರ್ಕೆಟಿಂಗ್‌ನವರು ಸ್ಪಿಂಡಲ್ ಆರ್ಡರ್ ಹಿಡಿದುಕೊಂಡು ಬಂದರೆ ಯಾರೂ ಬೇಡ ಅನ್ನುವುದಿಲ್ಲ.

ಆದರೆ ಎರಡೂ ಬೇಡಿಕೆ ಪೂರೈಸಲು ಗ್ರೈಂಡಿಂಗ್‌ನಲ್ಲಿ 15,600 ನಿಮಿಷ ಬೇಕು, ಇರುವುದು 12,000. ಸ್ಪಿಂಡಲ್‌ಗೆ ಮೊದಲ ಆದ್ಯತೆ ಕೊಟ್ಟರೆ 800 ಸ್ಪಿಂಡಲ್, 400 ಬುಷ್ ಆಗುತ್ತವೆ. ಬೆಲೆಯಿಂದ ಮೆಟೀರಿಯಲ್ ಕಳೆದು ಉಳಿಯುವುದೇ ಥ್ರೂಪುಟ್. ಅದು 6,40,000 ರೂ., ಲಾಭ 80,000. ಬುಷ್ ಮೊದಲಾದರೆ 1,000 ಬುಷ್, 500 ಸ್ಪಿಂಡಲ್. ಥ್ರೂಪುಟ್ 7,00,000 ರೂ., ಲಾಭ 1,40,000. ಮೆಷೀನು ಅದೇ, ಜನ ಅದೇ, ಖರ್ಚೂ ಅದೇ. ಗ್ರೈಂಡಿಂಗ್‌ನ ಒಂದು ಗಂಟೆಯಲ್ಲಿ ಸ್ಪಿಂಡಲ್ 3,000 ರೂ. ತಂದರೆ ಬುಷ್ 4,000 ರೂ. ತರುತ್ತದೆ, ಅಷ್ಟೇ ಕಾರಣ. ಉತ್ತರದ ಮೊದಲ ಅರ್ಧ ಪುಟದಲ್ಲಿ ಇದನ್ನು ಇಟ್ಟುಬಿಟ್ಟರೆ, ‘ಸಾಂಪ್ರದಾಯಿಕ ಮಾಪನ ಬಿಡಿ ಉತ್ಪನ್ನವನ್ನು ನೋಡುತ್ತದೆ, ಥ್ರೂಪುಟ್ ಇಡೀ ವ್ಯವಸ್ಥೆಯ ಅಡಚಣೆಯನ್ನು ನೋಡುತ್ತದೆ’ ಎಂಬ ಸಾಲಿಗೆ ಅರ್ಥ ಬರುತ್ತದೆ.

ಇಲ್ಲಿ ಒಂದು ಅಡ್ಡಪ್ರಶ್ನೆ ಏಳುತ್ತದೆ: ಇದು ಮಾರ್ಜಿನಲ್ ಕಾಸ್ಟಿಂಗ್‌ನಲ್ಲಿ ಕೊರತೆಯಿರುವ ಸಂಪನ್ಮೂಲಕ್ಕೆ ಹಾಕುವ ಕೀ ಫ್ಯಾಕ್ಟರ್ ಲೆಕ್ಕವೇ ಅಲ್ಲವೇ? ಬಹುಮಟ್ಟಿಗೆ ಹೌದು. ನಿಮಿಷಕ್ಕೆ 5 ರೂ. ಕೂಲಿಯನ್ನು ಚರ ವೆಚ್ಚ ಎಂದು ಕಳೆದರೂ ಈ ಉದಾಹರಣೆಯಲ್ಲಿ ಬುಷ್ಷೇ ಗೆಲ್ಲುತ್ತದೆ. ವ್ಯತ್ಯಾಸ ಇರುವುದು ಕೂಲಿಯನ್ನು ನೋಡುವ ಕ್ರಮದಲ್ಲಿ. ಇವತ್ತು ಆರ್ಡರ್ ಕಡಿಮೆ ಅಂತ ಆಪರೇಟರ್‌ನ ಸಂಬಳ ಕಡಿಮೆಯಾಗುವುದಿಲ್ಲ, ಆದ್ದರಿಂದ ಥ್ರೂಪುಟ್‌ನಲ್ಲಿ ಕೂಲಿಯೂ ಸ್ಥಿರ ಖರ್ಚೇ. ಇದನ್ನು ಒಪ್ಪಿಕೊಂಡು ಬರೆದವರಿಗೆ ಅಂಕ ಕಡಿಮೆಯಾಗುವುದನ್ನು ನಾನು ಕಂಡಿಲ್ಲ. ಎರಡೂ ಪೂರ್ತಿ ಬೇರೆ ಎಂದು ವಾದಿಸಿದವರು ಮಾತ್ರ ಸಿಕ್ಕಿಬೀಳುತ್ತಾರೆ.

ಎರಡನೇ ಅಂಶ ಸ್ಟಾಕಿನದು. ನನಗೆ ಇದು ಕಣ್ಣಾರೆ ಕಂಡ ವಿಷಯ. ಲೇತ್ ಸೆಕ್ಷನ್ನಿಗೆ ಕಾರ್ಮಿಕ ದಕ್ಷತೆ ಮತ್ತು ಮೆಷೀನ್ ಬಳಕೆಯ ಶೇಕಡಾವಾರು ನೋಡಿ ಇನ್ಸೆಂಟಿವ್. ಲೇತ್ ಓಡುತ್ತಲೇ ಇರುತ್ತದೆ, ಗ್ರೈಂಡಿಂಗ್ ಮುಂದೆ ಟ್ರೇಗಳ ಮೇಲೆ ಟ್ರೇ ಏರುತ್ತದೆ. ಎಣ್ಣೆ ಹಚ್ಚಿ ಗೋಣಿ ಹೊದಿಸಿಟ್ಟ ಪೀಸುಗಳ ಜಾಬ್ ಕಾರ್ಡಿನ ಅಂಚು ಹಳದಿಯಾಗಿರುತ್ತದೆ. ಡಿಸ್ಪ್ಯಾಚ್ ತಡ ಯಾಕೆ ಅಂತ ಕೇಳಿದರೆ ಲೇತ್ ಸೂಪರ್‌ವೈಸರ್ ಹೇಳಿದ್ದು: ‘ಸಾರ್, ನಂದು ತೊಂಬತ್ತೈದು ಪರ್ಸೆಂಟ್ ಇದೆ. ಮುಂದಿನೋರು ಮಾಡಿಲ್ಲ ಅಂದ್ರೆ ನಾನೇನು ಮಾಡ್ಲಿ?’ ಅವರ ಮಾತಿನಲ್ಲಿ ಸುಳ್ಳಿಲ್ಲ. ಅವರಿಗೆ ಕೊಟ್ಟ ಮಾಪನವೇ ಹಾಗೆ.

ನಮ್ಮ ಉದಾಹರಣೆಗೆ ತಂದರೆ, 300 ಸ್ಪಿಂಡಲ್ ಲೇತ್ ಮುಗಿಸಿ ಹೀಗೆ ಬಿದ್ದಿವೆ ಅನ್ನಿ. ಲೇತ್‌ನಲ್ಲಿ ಒಂದಕ್ಕೆ ಕೂಲಿಯಾಳಿನ 15 ನಿಮಿಷ, ಅಂದರೆ 210 ರೂ. ಕೂಲಿ-ಓವರ್‌ಹೆಡ್ ಅದಕ್ಕೆ ಅಂಟಿಕೊಳ್ಳುತ್ತದೆ. ಒಟ್ಟು 63,000 ರೂ. ಈ ತಿಂಗಳ ಖರ್ಚಿನಿಂದ ತಪ್ಪಿಸಿಕೊಂಡು ಮುಕ್ತಾಯ ಸ್ಟಾಕಿಗೆ ಹೋಗುತ್ತದೆ. ಒಂದು ಪೀಸೂ ಮಾರದೆ ಲಾಭ ಅಷ್ಟು ಹೆಚ್ಚು ಕಾಣುತ್ತದೆ. ಥ್ರೂಪುಟ್ ಪದ್ಧತಿಯಲ್ಲಿ ಸ್ಟಾಕಿಗೆ ಮೆಟೀರಿಯಲ್ ಬೆಲೆ ಮಾತ್ರ, 90,000 ರೂ.; ಅದೂ ಸಿಕ್ಕಿಹಾಕಿಕೊಂಡ ದುಡ್ಡು ಎಂದೇ ಲೆಕ್ಕ. ಆಗ ಲೇತ್ ಸುಮ್ಮನೆ ನಿಂತರೂ ಅಪರಾಧವಲ್ಲ. ಎಲಿಯಾಹು ಗೋಲ್ಡ್‌ರಾಟ್ 1980ರ ದಶಕದಲ್ಲಿ ಹೇಳಿದ ತತ್ವದ ತಿರುಳು ಇದೇ. ಗ್ಯಾಲೋವೇ ಮತ್ತು ವಾಲ್ಡ್ರನ್ ಎಂಬ ಇಬ್ಬರು ಬ್ರಿಟನ್ನಿನಲ್ಲಿ ಅದನ್ನು ಅಕೌಂಟಿಂಗ್ ಅನುಪಾತಗಳ ರೂಪಕ್ಕೆ ತಂದರು. ಹೆಸರುಗಳಿಗೆ ಒಂದು ಸಾಲಿಗಿಂತ ಹೆಚ್ಚು ಜಾಗ ಕೊಡಬೇಕಿಲ್ಲ.

ಅನುಪಾತದ ವಿಷಯಕ್ಕೆ ಮಾತ್ರ ಜಾಗ ಕೊಡಲೇಬೇಕು, ಯಾಕೆಂದರೆ ಜಾಣರೂ ಎಡವುವ ಜಾಗ ಅದು. ಗ್ರೈಂಡಿಂಗ್‌ನ ಗಂಟೆಗೆ ಬೀಳುವ ಫ್ಯಾಕ್ಟರಿ ಖರ್ಚು 5,60,000 ಭಾಗಿಸು 200, ಅಂದರೆ 2,800 ರೂ. ಸ್ಪಿಂಡಲ್‌ನ 3,000ವನ್ನು ಇದರಿಂದ ಭಾಗಿಸಿದರೆ ಥ್ರೂಪುಟ್ ಅಕೌಂಟಿಂಗ್ ರೇಶಿಯೋ 1.07, ಬುಷ್‌ನದು 1.43. ಬಾಡಿಗೆ, ಸಂಬಳ ಏರಿ ತಿಂಗಳ ಖರ್ಚು 6,20,000 ಆಯಿತೆನ್ನಿ. ಗಂಟೆಗೆ 3,100, ಸ್ಪಿಂಡಲ್‌ನ ರೇಶಿಯೋ 0.97. ‘ಒಂದಕ್ಕಿಂತ ಕಡಿಮೆಯಾದರೆ ಆ ಉತ್ಪನ್ನ ನಷ್ಟದ್ದು, ನಿಲ್ಲಿಸಿ’ ಎಂದು ಬಹಳ ನೋಟ್ಸ್‌ಗಳಲ್ಲಿದೆ. ನಿಲ್ಲಿಸಿ ನೋಡಿ. ಬರೀ ಬುಷ್‌ನಿಂದ ಥ್ರೂಪುಟ್ 4,00,000, ಖರ್ಚು 6,20,000, ನಷ್ಟ 2,20,000. 500 ಸ್ಪಿಂಡಲ್ ಇಟ್ಟುಕೊಂಡರೆ 80,000 ಲಾಭ. ಖಾಲಿ ಬಿಟ್ಟ 100 ಗಂಟೆಯ ಖರ್ಚೇನೂ ತಪ್ಪುವುದಿಲ್ಲವಲ್ಲ! ಅಂದರೆ ಆ ರೇಶಿಯೋ ಕ್ರಮಾಂಕ ಕೊಡುತ್ತದೆ, ಎಚ್ಚರಿಕೆ ಕೊಡುತ್ತದೆ. ಉತ್ಪನ್ನವನ್ನು ಕೈಬಿಡುವ ತೀರ್ಪು ಕೊಡುವುದಿಲ್ಲ. ‘ವಿಮರ್ಶಿಸಿ’ ಎಂಬ ಪದಕ್ಕೆ ನಾನು ಕೊಡುತ್ತಿದ್ದ ಉತ್ತರ ಈ ಪ್ಯಾರಾ.

ಜೊತೆಗೆ ಒಂದು ಮಿತಿ: ಅಡಚಣೆ ಶಾಪಿನೊಳಗೇ ಇದ್ದರೆ ಮಾತ್ರ ಈ ಲೆಕ್ಕ ನಡೆಯುತ್ತದೆ. ಗ್ರೈಂಡಿಂಗ್ ಮುಂದೆ ಕ್ಯೂ ಇಲ್ಲ, ಆಪರೇಟರ್ ಪೀಸಿಗೆ ಕಾಯುತ್ತಿದ್ದಾನೆ, ಎಲ್ಲ ಮೆಷೀನೂ ಆಗಾಗ ಖಾಲಿ ಎಂದರೆ ಅಡಚಣೆ ಇರುವುದು ಮಾರುಕಟ್ಟೆಯಲ್ಲಿ. ಆಗ ಗಂಟೆಗೆ ಎಷ್ಟು ಎಂಬ ಅಂಕಿಗೆ ಬೆಲೆಯಿಲ್ಲ. ಮೆಟೀರಿಯಲ್ ಮೀರಿ ಬಂದದ್ದೆಲ್ಲ ಲಾಭ ಎಂಬ ಧೋರಣೆಯಲ್ಲಿ ದರ ಇಳಿಸುತ್ತಾ ಹೋದರೆ ವರ್ಷದ ಕೊನೆಗೆ ಸಂಬಳಕ್ಕೂ ತತ್ವಾರ.

ಸ್ಕೋರ್‌ಕಾರ್ಡಿಗೆ ಬರೋಣ. ರಾಬರ್ಟ್ ಕಪ್ಲಾನ್ ಮತ್ತು ಡೇವಿಡ್ ನಾರ್ಟನ್ 1992ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಸಂಸ್ಥೆಯ ಸಾಧನೆ ಅಳೆಯಲು ಮುಂದಿಟ್ಟ ನಾಲ್ಕು ನೋಟಗಳು, ಈಗಿನ ಹೆಸರುಗಳಲ್ಲಿ ಹಣಕಾಸು, ಗ್ರಾಹಕ, ಆಂತರಿಕ ಪ್ರಕ್ರಿಯೆ, ಕಲಿಕೆ ಮತ್ತು ಬೆಳವಣಿಗೆ, ಎಲ್ಲರಿಗೂ ಬಾಯಿಪಾಠ. ನಾಲ್ಕನ್ನೂ ಬೇರೆ ಬೇರೆ ಬರೆದು ಕೈಬಿಡುವುದೇ ಸಮಸ್ಯೆ. ನಾನು ಕೆಳಗಿನಿಂದ ಮೇಲಕ್ಕೆ ಬರೆಯುತ್ತಿದ್ದೆ. ಗ್ರೈಂಡಿಂಗ್ ನಡೆಸಬಲ್ಲ ಆಪರೇಟರ್ ಒಬ್ಬನೇ ಇದ್ದಾನೆ. ಅವನು ಊಟಕ್ಕೆ, ಟೀಗೆ ಹೋದಾಗ, ಮೆಷೀನ್ ಓಡುವ 8 ಗಂಟೆಯ ಹೊರತಾಗಿ, ದಿನಕ್ಕೆ 48 ನಿಮಿಷ ಅದು ನಿಲ್ಲುತ್ತದೆ. ಇನ್ನೊಬ್ಬನಿಗೆ ಕಲಿಸಿದರೆ (ಕಲಿಕೆಯ ಮಾಪನ: ಗ್ರೈಂಡಿಂಗ್ ಬಲ್ಲವರ ಸಂಖ್ಯೆ) ತಿಂಗಳಿಗೆ 20 ಗಂಟೆ ಹೆಚ್ಚು ಸಿಗುತ್ತದೆ (ಪ್ರಕ್ರಿಯೆ: ಗ್ರೈಂಡಿಂಗ್ ನಿಂತ ಸಮಯ). ಇನ್ನೂ 100 ಸ್ಪಿಂಡಲ್ ಹೋಗುತ್ತದೆ, ಬಾಕಿ ಆರ್ಡರ್ ಅಷ್ಟು ಕಡಿಮೆಯಾಗುತ್ತದೆ (ಗ್ರಾಹಕ: ಹೇಳಿದ ದಿನಕ್ಕೆ ತಲುಪಿದ ಆರ್ಡರ್‌ಗಳ ಶೇಕಡಾ). ಕೊನೆಗೆ 60,000 ರೂ. ಥ್ರೂಪುಟ್ ಸೇರುತ್ತದೆ (ಹಣಕಾಸು). ಇದೇ ತರಬೇತಿಯನ್ನು ಹಳೆಯ ಪದ್ಧತಿ ಹೇಗೆ ಕಾಣುತ್ತದೆ? ಕಲಿಯುವವನ ಕೈ ನಿಧಾನ, ಆ ತಿಂಗಳ ಲೇಬರ್ ಎಫಿಷಿಯೆನ್ಸಿ ವೇರಿಯನ್ಸ್ ಪ್ರತಿಕೂಲ, ಮ್ಯಾನೇಜರ್ ವಿವರಣೆ ಕೊಡಬೇಕು. ವೇರಿಯನ್ಸ್, ಆರ್‌ಒಐ ಇವು ಆಗಿಹೋದದ್ದನ್ನು ಹೇಳುತ್ತವೆ. ಗ್ರೈಂಡಿಂಗ್ ಬಲ್ಲವರ ಸಂಖ್ಯೆ ಮುಂದೆ ಆಗುವುದನ್ನು ಹೇಳುತ್ತದೆ.

ಹಾಗಾಗಿ ಎರಡೂ ಹೊಸ ಪದ್ಧತಿಗಳನ್ನು ಒಂದೇ ಬುಟ್ಟಿಗೆ ಹಾಕಿ ‘ಆಧುನಿಕ’ ಎಂದು ಬರೆಯಬಾರದು ಎಂಬುದು ನನ್ನ ಹಟ. ಥ್ರೂಪುಟ್ ಈಗಲೂ ಹಣದ ಮಾಪನವೇ, ಅದರ ದೃಷ್ಟಿ ಈ ತಿಂಗಳಿನದು, ನೋಡುವುದು ಒಂದೇ ಜಾಗವನ್ನು. ಸ್ಕೋರ್‌ಕಾರ್ಡ್ ಹಣದ ಹೊರಗೂ ನೋಡುತ್ತದೆ, ವರ್ಷಗಳಾಚೆಗೂ ನೋಡುತ್ತದೆ, ಆದರೆ ಇವತ್ತು ಬೆಳಿಗ್ಗೆ ಗ್ರೈಂಡಿಂಗ್‌ಗೆ ಯಾವ ಟ್ರೇ ಹಾಕಬೇಕು ಎಂದು ಹೇಳುವುದಿಲ್ಲ. ಇವೆರಡು ಜಗಳಕ್ಕೂ ಬೀಳುತ್ತವೆ. ಸ್ಪಿಂಡಲ್‌ನಿಂದ ಬುಷ್‌ಗೆ ಮೆಷೀನ್ ಬದಲಿಸಲು ಸೆಟಪ್ ಸಮಯ ಹೋಗುತ್ತದೆ; ಥ್ರೂಪುಟ್ ಉಳಿಸಲು ದೊಡ್ಡ ಬ್ಯಾಚ್ ಹಾಕಿ ಸೆಟಪ್ ಕಡಿಮೆ ಮಾಡಬೇಕು. ಆದರೆ ದೊಡ್ಡ ಬ್ಯಾಚ್ ಹಾಕಿದಷ್ಟೂ ಇನ್ನೊಂದು ಐಟಂನ ಗ್ರಾಹಕ ಕಾಯುತ್ತಾನೆ, ಗ್ರಾಹಕ ನೋಟದ ಅಂಕಿ ಕುಸಿಯುತ್ತದೆ. ಯಾವುದಕ್ಕೆ ಎಷ್ಟು ತೂಕ ಎಂದು ಸ್ಕೋರ್‌ಕಾರ್ಡ್ ತಾನಾಗಿ ಹೇಳುವುದಿಲ್ಲ, ಮಾಲೀಕರೇ ನಿರ್ಧರಿಸಬೇಕು. ಹಾಗೆಯೇ ತರಬೇತಿಯಿಂದ ಗಂಟೆ, ಗಂಟೆಯಿಂದ ಡೆಲಿವರಿ ಎಂಬ ಸರಪಳಿಯೂ ನಾವು ಊಹಿಸಿಕೊಂಡದ್ದು; ಕಲಿತ ಹುಡುಗ ಆರು ತಿಂಗಳಿಗೆ ಪಕ್ಕದ ಶಾಪಿಗೆ ಹೋದರೆ ಕಲಿಕೆಯ ಅಂಕಿ ಅಲ್ಲೇ ಮುರಿಯುತ್ತದೆ.

ಹತ್ತು ಅಂಕದ ಉತ್ತರದಲ್ಲಿ ನಾನು ಈ ಅಂಕಿಗಳನ್ನೆಲ್ಲ ತುಂಬುತ್ತಿರಲಿಲ್ಲ. ಸ್ಪಿಂಡಲ್-ಬುಷ್ ಲೆಕ್ಕ, 63,000ದ ಸ್ಟಾಕ್, ಸ್ಕೋರ್‌ಕಾರ್ಡಿನ ಸರಪಳಿ, ಇಷ್ಟಕ್ಕೆ ಎರಡು ಪುಟ ಸಾಕು. 0.97ರ ವಿಷಯ ಮಾತ್ರ ಎಷ್ಟೇ ಅವಸರವಿದ್ದರೂ ಬಿಡುತ್ತಿರಲಿಲ್ಲ. ವ್ಯಾಖ್ಯೆಗಳಿಗೆ ಎರಡೆರಡು ಸಾಲು.